ಗುಂಪು ಫೋಟೊದಲ್ಲಿ ಒಬ್ಬರ ಅಂಗಿ ಬದಲಿಸಲು ಹೇಳಿದರೆ ಪಕ್ಕದವರ ಅಂಗಿ ಬದಲಾಗುತ್ತಿದೆಯೇ? ದೋಷ ಹುಡುಕುವ ಬಗೆ

ನಮ್ಮ ಸ್ಟುಡಿಯೊಗೆ ಬರುವ ಗುಂಪು ಫೋಟೊಗಳಲ್ಲಿ ಈಗ ಹೆಚ್ಚಾಗಿ ಕೇಳಿಬರುವ ಬೇಡಿಕೆ ಒಂದೇ: "ಇವರೊಬ್ಬರ ಬಟ್ಟೆ ಮಾತ್ರ ಬದಲಿಸಿಕೊಡಿ." ಎಐ ಸಾಧನಗಳಲ್ಲಿ ಈ ಕೆಲಸಕ್ಕೆ ಒಂದು ನಿಮಿಷವೂ ಬೇಡ. ಆದರೆ ಹೊಸ ಅಂಗಿ ಬೇರೆಯವರ ಮೈಮೇಲೆ ಬಂದು ಕೂರುವುದು, ಇಬ್ಬರಿಗೂ ಒಂದೇ ಅಂಗಿ ಬರುವುದು, ಅಂಗಿ ಸರಿಯಾಗಿದ್ದರೂ ಮುಂದೆ ಕುಳಿತ ಅಜ್ಜಿಯ ಮುಖ ಬೇರೆಯಾಗುವುದು ದಿನನಿತ್ಯದ ಮಾತು. ಹೀಗಾದಾಗ ಬಹಳ ಮಂದಿ ಅದೇ ಪ್ರಾಂಪ್ಟನ್ನು, ಅಂದರೆ ಸಾಧನಕ್ಕೆ ಬರೆದುಕೊಡುವ ಸೂಚನೆಯನ್ನು, ಹತ್ತು ಸಲ ಮತ್ತೆ ಮತ್ತೆ ಕೊಡುತ್ತಾರೆ. ಅದರಿಂದ ಉಪಯೋಗ ಕಡಿಮೆ. ದೋಷ ಎಲ್ಲಿದೆ ಎಂದು ಮೊದಲು ತಿಳಿಯಬೇಕು: ವ್ಯಕ್ತಿಯನ್ನು ತೋರಿಸಿದ ರೀತಿಯಲ್ಲಿಯೇ, ಉಡುಪನ್ನು ವರ್ಣಿಸಿದ ರೀತಿಯಲ್ಲಿಯೇ ಅಥವಾ ಸಾಧನ ಇಡೀ ಚಿತ್ರವನ್ನು ಹೊಸದಾಗಿ ಬರೆದದ್ದರಲ್ಲಿಯೇ? ಈ ಮೂರಕ್ಕೂ ಪರಿಹಾರ ಬೇರೆ ಬೇರೆ.

ಈಚೆಗೆ ಕೈಗೆ ಬಂದ ಒಂದು ಗೃಹಪ್ರವೇಶದ ಫೋಟೊವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದರಲ್ಲಿ ಈ ಮೂರು ತೊಂದರೆಗಳೂ ಒಂದಾದ ಮೇಲೊಂದು ಬಂದವು.

ಫೋಟೊ ಮತ್ತು ಮೊದಲ ಮೂರು ಪ್ರಯತ್ನಗಳು

ಚಿತ್ರದಲ್ಲಿ ಒಂಬತ್ತು ಮಂದಿ, ಜೊತೆಗೆ ಮಡಿಲಲ್ಲಿ ಒಂದು ಮಗು. ಮುಂದೆ ಕುರ್ಚಿಗಳಲ್ಲಿ ನಾಲ್ವರು ಕುಳಿತಿದ್ದಾರೆ. ಹಿಂದೆ ಐವರು ನಿಂತಿದ್ದಾರೆ. ನೋಡುವವರ ಎಡದಿಂದ ಹೇಳುವುದಾದರೆ ಹಳದಿ ಚೂಡಿದಾರದ ಹುಡುಗಿ, ಕಡುನೀಲಿ ತುಂಬುತೋಳಿನ ಅಂಗಿ ತೊಟ್ಟ ಮೀಸೆಯವರು, ನೀಲಿ ಟೀ ಶರ್ಟಿನ ಗಡ್ಡದವರು, ಮರೂನ್ ಸೀರೆಯ ಮಹಿಳೆ, ತುದಿಯಲ್ಲಿ ಬಿಳಿ ಅಂಗಿಯವರು. ಟೀ ಶರ್ಟಿನವರು ಆ ದಿನ ಮಳೆಯಲ್ಲಿ ನೆನೆದು ಬಂದು, ಸಿಕ್ಕಿದ ಒಣಬಟ್ಟೆ ಹಾಕಿಕೊಂಡು ಫೋಟೊಗೆ ನಿಂತಿದ್ದರಂತೆ. ಫೋಟೊ ತಂದ ಹೆಣ್ಣುಮಗಳು "ನಮ್ಮ ಭಾವನವರೇ ಕೇಳಿದ್ದಾರೆ, ಕೆನೆಬಣ್ಣದ ರೇಷ್ಮೆ ಅಂಗಿ ಹಾಕಿಕೊಡಿ, ಕಟ್ಟು ಹಾಕಿಸಿ ಪಡಸಾಲೆಯಲ್ಲಿ ಇಡಬೇಕು" ಎಂದರು. ಚಿತ್ರದಲ್ಲಿ ಇರುವವರೇ ಒಪ್ಪಿದ್ದಾರೆಯೇ ಎಂದು ಕೇಳಿಕೊಂಡೇ ನಾನು ಈ ಕೆಲಸ ಹಿಡಿಯುತ್ತೇನೆ.

ಫೋಟೊ ತಂದವರು ಮನೆಯಲ್ಲಿ ತಾವೇ ಪ್ರಯತ್ನಿಸಿ ನೋಡಿದ ಮೂರು ಪ್ರಾಂಪ್ಟ್‌ಗಳು ಮೊಬೈಲಿನಲ್ಲಿ ಹಾಗೆಯೇ ಇದ್ದವು. ಮೊದಲನೆಯದು ಹೀಗಿತ್ತು:

> ನೀಲಿ ಅಂಗಿ ಹಾಕಿದ ಭಾವನವರಿಗೆ ಕೆನೆಬಣ್ಣದ ರೇಷ್ಮೆ ಅಂಗಿ ತೊಡಿಸಿ.

ರೇಷ್ಮೆ ಅಂಗಿ ಪಕ್ಕದ ಮೀಸೆಯವರ ಪಾಲಾಯಿತು. ಇಲ್ಲಿ ಸಾಧನವನ್ನು ದೂರುವ ಹಾಗಿಲ್ಲ. "ಭಾವ" ಎಂಬುದು ನಮಗೆ ಸಂಬಂಧ, ಚಿತ್ರದಲ್ಲಿ ಅದಕ್ಕೆ ಗುರುತಿಲ್ಲ. ಉಳಿದದ್ದು "ನೀಲಿ ಅಂಗಿ" ಎಂಬ ಎರಡೇ ಪದ. ಕಾಲರ್, ಗುಂಡಿಪಟ್ಟಿ ಇರುವ ನಿಜವಾದ ನೀಲಿ ಅಂಗಿ ಪಕ್ಕದಲ್ಲೇ ಇರುವಾಗ, ಟೀ ಶರ್ಟಿಗಿಂತ ಅದೇ ಆ ವರ್ಣನೆಗೆ ಹೆಚ್ಚು ಹೊಂದುತ್ತದೆ.

> ಎಡದಿಂದ ಮೂರನೆಯವರ ಅಂಗಿ ಬದಲಿಸಿ.

ಮತ್ತೆ ಮೀಸೆಯವರೇ ಸಿಕ್ಕಿದರು. ಹಿಂದಿನ ಸಾಲನ್ನು ಮಾತ್ರ ಎಣಿಸಿದರೆ ಭಾವನವರು ಮೂರನೆಯವರು ಎಂಬುದು ನಿಜ. ಆದರೆ ಎರಡು ಸಾಲನ್ನೂ ಸೇರಿಸಿ ಎಡದಿಂದ ತಲೆಗಳನ್ನು ನೋಡುತ್ತಾ ಹೋದರೆ ಮೊದಲು ಹುಡುಗಿ, ಅವಳ ಮುಂದೆ ಸ್ವಲ್ಪ ಬಲಕ್ಕೆ ಕುಳಿತ ಅಜ್ಜ, ಆಮೇಲೆ ಮೀಸೆಯವರು. ಪ್ರಾಂಪ್ಟಿನಲ್ಲಿ ಸಾಲಿನ ಮಾತೇ ಇರಲಿಲ್ಲ. ಇದಲ್ಲದೆ ಈ ಸಾಧನಗಳು ನಾವು ಬೆರಳು ಮಡಚಿ ಎಣಿಸುವ ಹಾಗೆ ಖಚಿತವಾಗಿ ಎಣಿಸುವುದಿಲ್ಲ. ಮೂವರು ನಾಲ್ವರ ಮಟ್ಟಿಗೆ ಎಣಿಕೆ ನಡೆಯುತ್ತದೆ. ತಲೆಗಳು ಒಂದರ ಹಿಂದೊಂದು ಸೇರಿಕೊಂಡಿರುವ ಫೋಟೊದಲ್ಲಿ, ಮಡಿಲ ಮಗುವನ್ನು ಲೆಕ್ಕಕ್ಕೆ ಹಿಡಿಯಬೇಕೇ ಬೇಡವೇ ಎಂಬ ಗೊಂದಲವೂ ಸೇರಿದಾಗ, ಬರೀ ಸಂಖ್ಯೆಯನ್ನು ನಂಬಬಾರದು.

> ಹಿಂದೆ ನಿಂತಿರುವ ನೀಲಿ ಬಟ್ಟೆಯವರು. ಅವರ ಬಟ್ಟೆ ಬದಲಿಸಿ ಕೆನೆಬಣ್ಣದ ರೇಷ್ಮೆ ಅಂಗಿ ಹಾಕಿ.

ಈ ಸಲ ಇಬ್ಬರಿಗೂ ರೇಷ್ಮೆ ಅಂಗಿ ಬಂತು. ಕನ್ನಡದಲ್ಲಿ ಪ್ರಾಂಪ್ಟ್ ಬರೆಯುವವರೆಲ್ಲ ಇದನ್ನು ಗಮನಿಸಬೇಕು. ನಮ್ಮ "ಅವರು" ಗೌರವಕ್ಕೂ ಹೌದು, ಬಹುವಚನಕ್ಕೂ ಹೌದು. "ನೀಲಿ ಬಟ್ಟೆಯವರು" ಎಂದರೆ ಒಬ್ಬರೋ ಇಬ್ಬರೋ ಎಂದು ಆ ವಾಕ್ಯ ಹೇಳುವುದೇ ಇಲ್ಲ. ಮನೆಯವರ ಬಗ್ಗೆ "ಅವನು" ಎಂದು ಬರೆಯಲು ಮನಸ್ಸು ಬಾರದಿದ್ದರೆ "ಒಬ್ಬರು ಗಂಡಸು", "ಒಬ್ಬರ ಅಂಗಿ ಮಾತ್ರ" ಎಂದು ಸಂಖ್ಯೆಯನ್ನು ಎದ್ದು ಕಾಣುವಂತೆ ಬರೆಯಿರಿ. ಮರ್ಯಾದೆಯೂ ಉಳಿಯುತ್ತದೆ, ಅರ್ಥವೂ ಒಂದೇ ಆಗುತ್ತದೆ.

ಮೊದಲ ಪರೀಕ್ಷೆ: ಬರೀ ಬಣ್ಣ ಬಳಿಯಲು ಹೇಳಿ

ದೋಷ ತೋರಿಸುವುದರಲ್ಲಿದೆಯೋ ಉಡುಪಿನ ವರ್ಣನೆಯಲ್ಲಿದೆಯೋ ಎಂದು ತಿಳಿಯಲು ನಾನು ಮಾಡುವ ಪರೀಕ್ಷೆ ಸರಳವಾದದ್ದು. ರೇಷ್ಮೆ, ಜರಿ, ಕಾಲರ್ ಎಲ್ಲವನ್ನೂ ಪಕ್ಕಕ್ಕಿಟ್ಟು, ಚಿತ್ರದಲ್ಲಿ ಬೇರೆಲ್ಲೂ ಇಲ್ಲದ ಒಂದು ಢಾಳಾದ ಬಣ್ಣವನ್ನು ಆ ವ್ಯಕ್ತಿಯ ಬಟ್ಟೆಗೆ ಬಳಿಯಲು ಮಾತ್ರ ಹೇಳುತ್ತೇನೆ. ಈ ಫೋಟೊದಲ್ಲಿ ಕಡುಗುಲಾಬಿ ಯಾರ ಮೈಮೇಲೂ ಇರಲಿಲ್ಲ, ಹಾಗಾಗಿ ಅದನ್ನೇ ಆರಿಸಿಕೊಂಡೆ.

ಗುಲಾಬಿ ಬಣ್ಣ ತಪ್ಪು ವ್ಯಕ್ತಿಗೆ ಹೋದರೆ ದೋಷ ತೋರಿಸಿದ ವಾಕ್ಯದಲ್ಲಿದೆ. ಉಡುಪಿನ ವರ್ಣನೆಯನ್ನು ಎಷ್ಟು ತಿದ್ದಿದರೂ ಅದು ಸರಿಹೋಗದು. ಸರಿಯಾದ ವ್ಯಕ್ತಿಗೆ ಬಂದು, ರೇಷ್ಮೆ ಅಂಗಿ ಕೇಳಿದಾಗ ಮಾತ್ರ ಕೆಟ್ಟರೆ ದೋಷ ಉಡುಪಿನ ವರ್ಣನೆಯಲ್ಲಿದೆ. ಬಣ್ಣ ಸರಿಯಾದವರಿಗೆ ಬಂದು, ಪಕ್ಕದವರ ತೋಳಿಗೂ ಅಷ್ಟಿಷ್ಟು ಸೋರಿದರೆ ಇಬ್ಬರ ಬಟ್ಟೆಯ ನಡುವಿನ ಅಂಚು ಸಾಧನಕ್ಕೆ ಕಾಣುತ್ತಿಲ್ಲ ಎಂದರ್ಥ. ನೀಲಿಯ ಪಕ್ಕದಲ್ಲಿ ಕಡುನೀಲಿ, ಬಿಳಿ ಪಂಚೆಯ ಪಕ್ಕದಲ್ಲಿ ಬಿಳಿ ಸೀರೆ ಇದ್ದಾಗ ಇದು ಸಾಮಾನ್ಯ.

ಒಂದೇ ವಾಕ್ಯವನ್ನು ಮೂರು ಸಲ ಕೊಟ್ಟು ನೋಡುವುದು ಒಳ್ಳೆಯದು. ಪ್ರತಿ ಸಲವೂ ಫಲಿತಾಂಶ ಸ್ವಲ್ಪ ಬೇರೆಯಾಗುತ್ತದೆ. ಮೂರರಲ್ಲಿ ಒಂದು ಸಲ ಸರಿಬಂದರೆ ಅದು ಅದೃಷ್ಟವೇ ಹೊರತು ವಾಕ್ಯ ಇನ್ನೂ ಗಟ್ಟಿಯಾಗಿಲ್ಲ.

ತೋರಿಸುವ ವಾಕ್ಯವನ್ನು ಕಟ್ಟುವುದು

ಭಾವನವರ ಫೋಟೊಗೆ ಕೊನೆಗೆ ಒದಗಿದ ವಾಕ್ಯ ಇದು:

> ಹಿಂದಿನ ಸಾಲಿನಲ್ಲಿ, ಮರೂನ್ ಸೀರೆಯ ಮಹಿಳೆಯ ಪಕ್ಕದಲ್ಲಿ ನಿಂತಿರುವ, ಗಡ್ಡ ಬಿಟ್ಟ, ಕಾಲರ್ ಇಲ್ಲದ ಅರ್ಧತೋಳಿನ ನೀಲಿ ಟೀ ಶರ್ಟ್ ಧರಿಸಿದ ಒಬ್ಬರು ಗಂಡಸು. ಈ ಒಬ್ಬರ ಟೀ ಶರ್ಟ್ ಮಾತ್ರ ಕಡುಗುಲಾಬಿ ಬಣ್ಣಕ್ಕೆ ತಿರುಗಲಿ. ಉಳಿದ ಎಲ್ಲರೂ ಮತ್ತು ಹಿನ್ನೆಲೆ ಇದ್ದಂತೆಯೇ ಇರಲಿ.

ಇದರಲ್ಲಿ ಮೂರು ಗುರುತುಗಳಿವೆ, ಮೂರೂ ಬೇರೆ ಬೇರೆ ಬಗೆಯವು. ಸಾಲು ಎಂಬುದು ಜಾಗದ ಗುರುತು. ಮರೂನ್ ಸೀರೆ ನೆರೆಯ ಗುರುತು. ಆ ಮಹಿಳೆಗೆ ಎರಡು ಪಕ್ಕಗಳಿವೆ, ಇನ್ನೊಂದು ಪಕ್ಕದಲ್ಲಿ ಬಿಳಿ ಅಂಗಿಯವರಿದ್ದಾರೆ. ಅಲ್ಲಿ ಗಡ್ಡ ಮತ್ತು ಟೀ ಶರ್ಟ್ ಎಂಬ ಮೈಮೇಲಿನ ಗುರುತು ಕೆಲಸ ಮಾಡುತ್ತದೆ. ಒಂದು ಗುರುತು ಇಬ್ಬರಿಗೆ ಹೊಂದಿದರೂ ಇನ್ನೊಂದು ಅದನ್ನು ಒಬ್ಬರಿಗೆ ಇಳಿಸುತ್ತದೆ. "ನೀಲಿ" ಎಂಬ ಬಣ್ಣಕ್ಕಿಂತ "ಕಾಲರ್ ಇಲ್ಲದ, ಅರ್ಧತೋಳಿನ" ಎಂಬ ಆಕಾರ ಇಲ್ಲಿ ಹೆಚ್ಚು ಗಟ್ಟಿ ಗುರುತಾಯಿತು, ಏಕೆಂದರೆ ಪಕ್ಕದ ಮೀಸೆಯವರಿಂದ ಇವರನ್ನು ಬೇರೆ ಮಾಡುವುದು ಅದೇ.

ಎಡ ಬಲ ಎಂದು ಬರೆಯಲೇಬೇಕಾದರೆ ಯಾರ ಎಡ ಎಂದು ಬರೆಯಿರಿ. ಚಿತ್ರ ನೋಡುವವರ ಎಡ ಬೇರೆ, ಚಿತ್ರದಲ್ಲಿ ನಿಂತವರ ಎಡಗೈ ಕಡೆ ಬೇರೆ. "ಅಮ್ಮನ ಎಡಗಡೆ ನಿಂತವರು" ಎಂಬುದನ್ನು ಮನೆಯವರು ಅಮ್ಮನ ಎಡಗೈ ಎಂದುಕೊಂಡು ಬರೆಯುತ್ತಾರೆ, ಸಾಧನ ಅದನ್ನು ಚಿತ್ರದ ಎಡ ಎಂದು ಓದಬಹುದು. ಸೆಲ್ಫಿಯಲ್ಲಿ ಇನ್ನೊಂದು ತೊಡಕಿದೆ: ಕೆಲವು ಮೊಬೈಲ್‌ಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಚಿತ್ರವನ್ನು ಉಳಿಸುತ್ತವೆ. ನೆನಪಿನಿಂದ "ನಾನು ಬಲಗಡೆ ನಿಂತಿದ್ದೆ" ಎಂದು ಬರೆಯದೆ ಚಿತ್ರವನ್ನು ಎದುರಿಗಿಟ್ಟುಕೊಂಡೇ ಬರೆಯಬೇಕು.

ಗುರುತುಗಳನ್ನು ಹೆಚ್ಚಿಸಿದಷ್ಟೂ ಒಳ್ಳೆಯದು ಎಂದೇನೂ ಇಲ್ಲ. ತಪ್ಪು ಗುರುತೊಂದು ಸೇರಿಕೊಂಡರೆ ಅದು ಗುರುತು ಇಲ್ಲದ್ದಕ್ಕಿಂತ ಕೆಟ್ಟದ್ದು. ಕನ್ನಡಕ ಹಾಕದವರನ್ನು "ಕನ್ನಡಕದವರು" ಎಂದು ಬರೆದರೆ ಎರಡರಲ್ಲಿ ಒಂದು ಆಗುತ್ತದೆ: ಸಾಧನ ಕನ್ನಡಕ ಇರುವ ಬೇರೆಯವರ ಕಡೆ ಹೋಗುತ್ತದೆ, ಇಲ್ಲವೇ ಇವರ ಮುಖಕ್ಕೇ ಕನ್ನಡಕ ಏರಿಸುತ್ತದೆ. ಹಾಗೆಯೇ "ಕಡುನೀಲಿ ಅಂಗಿಯವರನ್ನು ಮುಟ್ಟಬೇಡ" ಎಂಬ ನಿಷೇಧದ ವಾಕ್ಯವನ್ನೂ ನಾನು ಬಿಟ್ಟಿದ್ದೇನೆ. ಮುಟ್ಟಬಾರದವರನ್ನು ವಿವರವಾಗಿ ವರ್ಣಿಸಿದಷ್ಟೂ ಬದಲಾವಣೆ ಅವರ ಕಡೆಗೆ ವಾಲುವುದನ್ನು ಎಷ್ಟೋ ಸಲ ಕಂಡಿದ್ದೇನೆ. "ಉಳಿದ ಎಲ್ಲರೂ ಇದ್ದಂತೆಯೇ" ಎಂಬ ಒಂದೇ ಮಾತು ಸಾಕು.

ವಾಕ್ಯ ಸರಿಯಿದೆಯೇ ಎಂದು ನೋಡಲು, ಆ ಮನೆಯವರನ್ನು ಅರಿಯದ ಒಬ್ಬರನ್ನು ಕರೆದು ವಾಕ್ಯ ಓದಿ ಹೇಳಿ, ಅವರ ಬೆರಳು ಎಲ್ಲಿಗೆ ಹೋಗುತ್ತದೆ ನೋಡಿ. ಒಂದು ಕ್ಷಣ ತಡವರಿಸಿದರೂ ವಾಕ್ಯ ಇನ್ನೂ ಸಡಿಲವಾಗಿದೆ.

ಮಾತಿನಲ್ಲಿ ತೋರಿಸಲಾಗದಿದ್ದರೆ

ಶಾಲೆಯ ತರಗತಿ ಫೋಟೊದಲ್ಲಿ ನಲವತ್ತು ಮಕ್ಕಳು ಒಂದೇ ಸಮವಸ್ತ್ರದಲ್ಲಿರುತ್ತಾರೆ. ಅಲ್ಲಿ ವರ್ಣನೆ ಸೋಲುತ್ತದೆ. ಆಗ ಚಿತ್ರದ ಒಂದು ನಕಲಿನ ಮೇಲೆ ಗುರುತು ಹಾಕಿ ತೋರಿಸಬಹುದು. ಹಲವರು ತಲೆಯ ಸುತ್ತ ಕೆಂಪು ವೃತ್ತ ಎಳೆಯುತ್ತಾರೆ. ಅದರ ತೊಂದರೆ ಏನೆಂದರೆ ವೃತ್ತ ಪಕ್ಕದವರ ಕಿವಿಯ ಮೇಲೂ ಹಾದುಹೋಗುತ್ತದೆ, ಮತ್ತು "ವೃತ್ತ ಅಳಿಸು" ಎಂದು ಹೇಳಿದರೂ ಕೆನ್ನೆಯ ಮೇಲೆ ಕೆಂಪು ಛಾಯೆ ಉಳಿದುಬಿಡಬಹುದು. ನಾನು ಗುರುತನ್ನು ಬದಲಾಗಬೇಕಾದ ಬಟ್ಟೆಯ ಮೇಲೆಯೇ, ಎದೆಯ ನಡುವೆ, ಒಂದು ದಪ್ಪ ಗುಲಾಬಿ ಚುಕ್ಕೆಯಾಗಿ ಇಡುತ್ತೇನೆ. "ಬಟ್ಟೆಯ ಮೇಲೆ ಗುಲಾಬಿ ಚುಕ್ಕೆ ಇರುವ ಒಬ್ಬರ ಉಡುಪನ್ನು ಮಾತ್ರ ಬದಲಿಸು, ಹೊಸ ಉಡುಪಿನಲ್ಲಿ ಚುಕ್ಕೆ ಇರಬಾರದು" ಎಂದು ಬರೆಯುತ್ತೇನೆ. ಆ ಜಾಗವೆಲ್ಲ ಹೇಗೂ ಹೊಸದಾಗಿ ಬರುವುದರಿಂದ ಚುಕ್ಕೆಯೂ ಅದರ ಜೊತೆಗೇ ಹೋಗುತ್ತದೆ, ಮುಖಕ್ಕೆ ಏನೂ ತಗಲುವುದಿಲ್ಲ.

ಬದಲಿಸಬೇಕಾದ ಜಾಗವನ್ನು ಕುಂಚದಿಂದ ಬಳಿದು ಆಯ್ಕೆ ಮಾಡುವ ಅವಕಾಶ ನಿಮ್ಮ ಸಾಧನದಲ್ಲಿದ್ದರೆ ಅದನ್ನೇ ಬಳಸಿ. ಹೀಗೆ ಬಳಿದ ಜಾಗಕ್ಕೆ ಮಾಸ್ಕ್ ಎನ್ನುತ್ತಾರೆ. ಮಾಸ್ಕನ್ನು ಹಳೆಯ ಬಟ್ಟೆಯ ಅಂಚಿಗೆ ಕರಾರುವಾಕ್ಕಾಗಿ ನಿಲ್ಲಿಸಬೇಡಿ. ಅರ್ಧತೋಳಿನ ಟೀ ಶರ್ಟನ್ನಷ್ಟೇ ಬಳಿದು ತುಂಬುತೋಳಿನ ಅಂಗಿ ಕೇಳಿದರೆ ಹೊಸ ತೋಳಿಗೆ ಜಾಗವೇ ಇರುವುದಿಲ್ಲ. ಹಳೆಯ ತೋಳಿನ ಅಂಚಿನಿಂದ ಮಣಿಕಟ್ಟಿನವರೆಗೂ ಬಳಿಯಬೇಕು, ಕುತ್ತಿಗೆಯ ಬಳಿ ಕಾಲರಿಗಾಗಿ ಒಂದು ಬೆರಳಷ್ಟು ಹೆಚ್ಚು ಬಳಿಯಬೇಕು, ಗಲ್ಲವನ್ನು ಮಾತ್ರ ಮುಟ್ಟಬಾರದು.

ವ್ಯಕ್ತಿ ಸರಿ, ಅಂಗಿ ಸರಿ, ಆದರೆ ಮುಖಗಳು ಬೇರೆ

ಗುಲಾಬಿ ಪರೀಕ್ಷೆ ಮೂರು ಸಲವೂ ಸರಿಬಂದ ಮೇಲೆ ಅದೇ ವಾಕ್ಯದಲ್ಲಿ ಬಣ್ಣದ ಜಾಗಕ್ಕೆ ರೇಷ್ಮೆ ಅಂಗಿಯನ್ನು ಇಟ್ಟೆ. ಅಂಗಿ ಚೆನ್ನಾಗಿ ಬಂತು. ಫೋಟೊ ತಂದವರು ನೋಡಿ ಅಂಗಿಯ ಮಾತೇ ಆಡಲಿಲ್ಲ. "ಇದು ನಮ್ಮ ಅಜ್ಜಿಯ ಮುಖವಲ್ಲ" ಎಂದರು. ಹಿಗ್ಗಿಸಿ ನೋಡಿದೆ. ಮೂಲದಲ್ಲಿ ಏಳು ಹರಳು ಎಣಿಸಬಹುದಾಗಿದ್ದ ಅಜ್ಜಿಯ ಮೂಗುಬೊಟ್ಟು ಒಂದು ಬಿಳಿ ಮಚ್ಚೆಯಾಗಿತ್ತು. ಬಾಯಿಯ ಪಕ್ಕದ ಸುಕ್ಕು ನಯವಾಗಿತ್ತು, ಕಣ್ಣು ತುಸು ಅಗಲವಾಗಿತ್ತು. ಅಂಗಿಯ ಹತ್ತಿರವೂ ಇಲ್ಲದ ಅಜ್ಜಿಗೆ ಹೀಗಾದದ್ದು ಏಕೆ?

ಕಾರಣ ಸರಳ. ಮಾತಿನ ಸೂಚನೆಯಿಂದ ನಡೆಯುವ ಸಾಧನಗಳಲ್ಲಿ ಬಹುಪಾಲು ನಮ್ಮ ಫೋಟೊದಲ್ಲಿ ಅಂಗಿಯನ್ನಷ್ಟೇ ತಿದ್ದುವುದಿಲ್ಲ. ಮೂಲವನ್ನು ನೋಡಿಕೊಂಡು ಇಡೀ ಚಿತ್ರವನ್ನು ಹೊಸದಾಗಿ ಬರೆಯುತ್ತವೆ. ಅದೂ ಚಿಕ್ಕದು ಮಾಡಿಕೊಂಡು. ಈ ಫೋಟೊ 4000 ಪಿಕ್ಸೆಲ್ ಅಗಲವಿತ್ತು, ಅದರಲ್ಲಿ ಅಜ್ಜಿಯ ಮುಖ ಸುಮಾರು 180 ಪಿಕ್ಸೆಲ್. ಹಿಂತಿರುಗಿ ಬಂದ ಚಿತ್ರ 1024 ಪಿಕ್ಸೆಲ್ ಅಗಲ. ಅಂದರೆ ಮುಖಕ್ಕೆ ಉಳಿದದ್ದು 46 ಪಿಕ್ಸೆಲ್. ಇಂಥ ಎಷ್ಟೋ ಸಾಧನಗಳು ಒಳಗೆ 8 ಪಿಕ್ಸೆಲ್ ಉದ್ದ, 8 ಪಿಕ್ಸೆಲ್ ಅಗಲದ ಒಂದೊಂದು ಚೌಕವನ್ನು ಒಂದು ಘಟಕವಾಗಿ ಹಿಡಿದು ಕೆಲಸ ಮಾಡುತ್ತವೆ. ಆ ಲೆಕ್ಕದಲ್ಲಿ ಅಜ್ಜಿಯ ಇಡೀ ಮುಖದ ಅಗಲಕ್ಕೆ ಆರು ಘಟಕವೂ ಇಲ್ಲ. ಅಷ್ಟರಲ್ಲಿ ಏಳು ಹರಳು ಉಳಿಯುವುದಿಲ್ಲ. "ಮುಖ ಬದಲಿಸಬೇಡ" ಎಂದು ಪ್ರಾಂಪ್ಟಿನಲ್ಲಿ ಎಷ್ಟು ಸಲ ಬರೆದರೂ ಇಲ್ಲದ ಪಿಕ್ಸೆಲ್ ಬರುವುದಿಲ್ಲ.

ಯಾರ್‍ಯಾರ ಮುಖ ಬದಲಾಗಿದೆ ಎಂದು ಬರಿಗಣ್ಣಿನಿಂದ ಹುಡುಕಬೇಕಾಗಿಲ್ಲ. ಉಚಿತವಾಗಿ ಸಿಗುವ ಗಿಂಪ್ ತಂತ್ರಾಂಶದಲ್ಲಿ ಮೂಲವನ್ನು ತೆರೆದು, `Open as Layers` ಮೂಲಕ ಹೊಸ ಚಿತ್ರವನ್ನು ಅದರ ಮೇಲೆ ಇಟ್ಟು, ಅಳತೆ ಸರಿಹೊಂದಿಸಿ, ಮೇಲಿನ ಪದರದ ವಿಧಾನವನ್ನು `Difference` ಮಾಡಿ. ಬದಲಾಗದ ಜಾಗ ಕಪ್ಪಾಗಿ, ಬದಲಾದ ಜಾಗ ಬೆಳಗಿದಂತೆ ಕಾಣುತ್ತದೆ. ಎಲ್ಲ ಕಡೆ ಮಂಕಾದ ಧೂಳಿನಂಥ ಚುಕ್ಕೆಗಳಿದ್ದರೆ ಅದು ಅಳತೆ ಬದಲಾದದ್ದರಿಂದ ಬಂದದ್ದು, ಅದಕ್ಕೆ ಗಾಬರಿ ಬೇಡ. ಕಣ್ಣು, ಮೂಗು, ಬಾಯಿಯ ಆಕಾರ ಎದ್ದು ಕಂಡರೆ ಆ ಮುಖ ಬದಲಾಗಿದೆ.

ಪರಿಹಾರ ಇರುವುದು ಕತ್ತರಿಸಿ ತಿದ್ದಿ ಅಂಟಿಸುವುದರಲ್ಲಿ. ಮೂಲ ಫೋಟೊದಿಂದ ಭಾವನವರು ನಡುವೆ ಬರುವಂತೆ 1200 ಪಿಕ್ಸೆಲ್ ಅಗಲ, 1500 ಪಿಕ್ಸೆಲ್ ಎತ್ತರದ ತುಂಡನ್ನು ಕತ್ತರಿಸಿಕೊಂಡೆ. ಹಿಂದಿನ ಸಾಲಿನಿಂದ ಅದರೊಳಗೆ ಬಂದವರು ಮೂವರೇ: ಮೀಸೆಯವರ ಅರ್ಧ ಭುಜ, ಭಾವನವರು, ಮರೂನ್ ಸೀರೆಯವರು. ಮೂಲೆಯಲ್ಲಿ ಅಜ್ಜಿಯ ಮುಡಿಯ ಹೂವು ಮಾತ್ರ. ಈಗ ತೋರಿಸುವ ವಾಕ್ಯವೂ ಚಿಕ್ಕದಾಯಿತು:

> ನಡುವೆ ನಿಂತಿರುವ ಗಡ್ಡದ ಒಬ್ಬರು ಗಂಡಸಿನ ಟೀ ಶರ್ಟಿನ ಬದಲು ಕಾಲರ್ ಇರುವ, ತುಂಬುತೋಳಿನ, ಮಿರುಗು ಕಡಿಮೆ ಇರುವ ಕೆನೆಬಣ್ಣದ ರೇಷ್ಮೆ ಅಂಗಿ. ಅವರ ಭುಜದ ಮೇಲೆ ಪಕ್ಕದವರ ಕೈಯಿದೆ, ಆ ಕೈ ಅಂಗಿಯ ಮೇಲೆಯೇ ಕಾಣಬೇಕು. ನಿಂತ ಭಂಗಿ, ಮುಖ, ಚೌಕಟ್ಟು, ಬೆಳಕು ಬದಲಾಗಬಾರದು.

ಭುಜದ ಮೇಲಿನ ಕೈಯ ಮಾತು ಬರೆಯದಿದ್ದಾಗ ಹೊಸ ಅಂಗಿ ಮೀಸೆಯವರ ಬೆರಳುಗಳನ್ನು ನುಂಗಿಹಾಕಿತ್ತು. ಯಾರ ಕೈ, ಸೆರಗು, ಮಗುವಿನ ಕಾಲು ಆ ಬಟ್ಟೆಯ ಮೇಲೆ ಹಾದುಹೋಗಿದೆಯೋ ಅದನ್ನು ಹೆಸರಿಸಿ ಹೇಳಬೇಕು.

ತಿದ್ದಿದ ತುಂಡನ್ನು ಮೂಲದ ಮೇಲೆ ಪದರವಾಗಿ ಇಟ್ಟು 1200ಕ್ಕೆ 1500ರ ಅಳತೆಗೆ ಹಿಗ್ಗಿಸಿ, ಅಪಾರದರ್ಶಕತೆಯನ್ನು ಅರ್ಧಕ್ಕೆ ಇಳಿಸಿ, ಎರಡೂ ಕಣ್ಣುಗಳು ಮೂಲದ ಕಣ್ಣುಗಳ ಮೇಲೆ ಕೂರುವವರೆಗೆ ಸರಿಸಿದೆ. ಕಣ್ಣು ಕೂತರೂ ಭುಜ ಕೂರದಿದ್ದರೆ ಸಾಧನ ಭಂಗಿಯನ್ನೋ ಚಿತ್ರದ ಉದ್ದ ಅಗಲದ ಪ್ರಮಾಣವನ್ನೋ ಬದಲಿಸಿದೆ ಎಂದರ್ಥ. ಎಳೆದು ಕೂರಿಸಲು ಹೋಗದೆ ಮತ್ತೊಮ್ಮೆ ತಿದ್ದಿಸುವುದೇ ಮೇಲು. ಆಮೇಲೆ ಅಪಾರದರ್ಶಕತೆಯನ್ನು ಮತ್ತೆ ಪೂರ್ತಿಗೆ ಏರಿಸಿ, ಪದರವನ್ನೆಲ್ಲ ಮರೆಮಾಡುವ ಕಪ್ಪು ಲೇಯರ್ ಮಾಸ್ಕ್ ಕೊಟ್ಟೆ. ಗಿಂಪಿನಲ್ಲಿ ಅದರ ಹೆಸರು `Black (full transparency)`. ಮೆದು ಅಂಚಿನ ಬಿಳಿ ಕುಂಚದಿಂದ ಅಂಗಿಯ ಮೇಲೆ ಮಾತ್ರ ಬಳಿಯುತ್ತಾ ಹೋದೆ. ಬಳಿದಲ್ಲಿ ಹೊಸ ಅಂಗಿ ಮೂಡುತ್ತದೆ, ಉಳಿದೆಡೆ ಮೂಲ ಫೋಟೊ ಒಂದು ಪಿಕ್ಸೆಲ್ ಕೂಡ ಬದಲಾಗದೆ ಉಳಿಯುತ್ತದೆ. ಭಾವನವರ ಮುಖವನ್ನೂ ಮೂಲದಿಂದಲೇ ಉಳಿಸಿಕೊಂಡೆ, ಕುತ್ತಿಗೆಯ ನೆರಳಿನವರೆಗೆ ಬಂದು ಅಲ್ಲಿ ಕುಂಚ ನಿಲ್ಲಿಸಿದೆ.

ಈ ವಿಧಾನ ಒದಗದ ಸಂದರ್ಭವೂ ಇದೆ. ತುಂಬುತೋಳನ್ನು ಅರ್ಧತೋಳು ಮಾಡಿದರೆ ಕಾಣದ ಕೈಯನ್ನು ಸಾಧನ ಊಹಿಸಿ ಬರೆಯುತ್ತದೆ, ಅದು ಅವರ ಕೈಯಾಗಿರುವುದಿಲ್ಲ. ಟೀ ಶರ್ಟಿನ ಜಾಗಕ್ಕೆ ಅಗಲವಾಗಿ ಹೊದ್ದ ಶಲ್ಯ ಕೇಳಿದರೆ ಅದು ಪಕ್ಕದವರ ಮೈಮೇಲೂ ಹರಡಿಕೊಳ್ಳುತ್ತದೆ. ಅಲ್ಲಿ ಕಿರಿದಾಗಿ ಮಡಿಸಿ ಒಂದೇ ಭುಜದ ಮೇಲೆ ಹಾಕಿದ ಶಲ್ಯ ಎಂದು ಕೇಳಬೇಕು. "ಪಂಚೆ" ಎಂದು ಬರೆದು ಪ್ಯಾಂಟ್ ಬಂದರೆ "ಸೊಂಟದಿಂದ ಹಿಮ್ಮಡಿಯವರೆಗೆ ಸುತ್ತಿದ ಬಿಳಿ ಹತ್ತಿ ಬಟ್ಟೆ, ಸಣ್ಣ ಜರಿ ಅಂಚು" ಎಂದು ಬಿಡಿಸಿ ಬರೆಯಿರಿ.

ಮುದ್ರಣಕ್ಕೆ ಕಳಿಸುವ ಮುನ್ನ 12ಕ್ಕೆ 18 ಇಂಚಿನ ಅಳತೆಯಲ್ಲಿ ಪರದೆಯ ಮೇಲೆ ಅಂಗುಲ ಅಂಗುಲವಾಗಿ ನೋಡಿದೆ. ಅಜ್ಜಿಯ ಏಳು ಹರಳೂ ಇದ್ದವು, ಮೀಸೆಯವರ ನಾಲ್ಕು ಬೆರಳೂ ಭುಜದ ಮೇಲಿದ್ದವು. ಆದರೆ ಹಿಂದಿದ್ದ ಹೊಸ ಶೋಕೇಸಿನ ಗಾಜಿನಲ್ಲಿ ಭಾವನವರ ಬೆನ್ನಿನ ಪ್ರತಿಬಿಂಬ ಇನ್ನೂ ನೀಲಿಯಾಗಿಯೇ ಇತ್ತು. ಅದು ಕತ್ತರಿಸಿದ ತುಂಡಿನ ಆಚೆ, ಮರೂನ್ ಸೀರೆಯವರ ತಲೆಯ ಪಕ್ಕದಲ್ಲಿತ್ತು. ಆ ಗಾಜಿನಷ್ಟೇ ಜಾಗವನ್ನು ಬೇರೆ ತುಂಡಾಗಿ ಕತ್ತರಿಸಿ, "ಗಾಜಿನಲ್ಲಿ ಕಾಣುವ ನೀಲಿ ಬಟ್ಟೆಯ ಪ್ರತಿಬಿಂಬ ಕೆನೆಬಣ್ಣಕ್ಕೆ ತಿರುಗಲಿ" ಎಂದು ತಿದ್ದಿಸಿ, ಅದೇ ರೀತಿ ಮಾಸ್ಕ್ ಹಾಕಿ ಕೂರಿಸಿದ ಮೇಲೆ ಫೋಟೊ ಮುದ್ರಣಕ್ಕೆ ಹೋಯಿತು.